ಮೇಲಿಂದ ಇಣುಕಿದ ಬೆಕ್ಕು

ಸಂದರ್ಶನದಲ್ಲಿ ಉದ್ದ ಕೋಲಿನ ತುದಿಗೆ ಕಟ್ಟಿದ ಬೂಮ್ ಮೈಕ್ ಹಿಡಿದವನು ನಾನೇ, ಆಮೇಲೆ ಎಡಿಟಿಂಗ್‌ಗೆ ಕೂತವನೂ ನಾನೇ. ಹಾಗಾಗಿ ಬೈಯೋಕೆ ಬೇರೆ ಯಾರೂ ಸಿಗಲಿಲ್ಲ.

ಕೋಲನ್ನು ತಲೆ ಮೇಲೆ ಎತ್ತಿ ಹಿಡಿಯೋದು ಮೊದಲ ಹತ್ತು ನಿಮಿಷ ಸುಲಭ. ಆಮೇಲೆ ಭುಜ ಉರಿಯುತ್ತದೆ, ಮೈಕ್ ಮೆಲ್ಲಗೆ ಕೆಳಗೆ ಬರುತ್ತದೆ. ಬಂದದ್ದು ಹಿಡಿದವನಿಗೇ ಗೊತ್ತಾಗುವುದಿಲ್ಲ. ಗಾಳಿ ಸದ್ದು ತಡೆಯುವ ರೋಮದ ಹೊದಿಕೆಯನ್ನೂ ಅದಕ್ಕೆ ತೊಡಿಸಿದ್ದೆ. ರೂಮಿನೊಳಗೆ ಅದು ಬೇಕಿರಲಿಲ್ಲ, ಚೆಂದ ಕಾಣುತ್ತೆ ಅಂತ ಸುಮ್ನೆ ಹಾಕಿದ್ದು. ಅತಿಥಿ ತಮ್ಮ ತಂದೆಯ ಕೊನೆಯ ದಿನಗಳ ಬಗ್ಗೆ ಹೇಳುತ್ತಿದ್ದಾಗ ಫ್ರೇಮಿನ ಮೇಲಿಂದ ಒಂದು ಬೂದು ಬೆಕ್ಕು ಇಣುಕಿತು. 14 ಸೆಕೆಂಡ್ ಕೇಳಿಸಿಕೊಂಡು ವಾಪಸ್ ಹೋಯಿತು.

ಮೊದಲು ಸೋಮಾರಿ ದಾರಿ ಹಿಡಿದೆ. ಮೈಕ್ 1080 ಪಿಕ್ಸೆಲ್ ಎತ್ತರದಲ್ಲಿ 90 ಪಿಕ್ಸೆಲ್ ಇಳಿದಿತ್ತು. ಚಿತ್ರವನ್ನು 110 ಪರ್ಸೆಂಟಿಗೆ ಹಿಗ್ಗಿಸಿ ಕೆಳಗಿನ ಅಂಚಿಗೆ ಕೂರಿಸಿದರೆ ಬೆಕ್ಕು ಹೊರಗೆ. ಆದರೆ ಅತಿಥಿ ನೆಟ್ಟಗೆ ಕೂತಾಗಲೆಲ್ಲ ಕೂದಲೂ ಹೊರಗೆ! 4ಕೆಯಲ್ಲಿ ಸ್ವಲ್ಪ ದೂರದಿಂದ ಶೂಟ್ ಮಾಡಿದ್ದರೆ ಹೀಗಾಗುತ್ತಿರಲಿಲ್ಲ.

ಪುಣ್ಯಕ್ಕೆ ಕ್ಯಾಮೆರಾ ಟ್ರೈಪಾಡ್ ಮೇಲಿತ್ತು, ಅಲುಗಿರಲಿಲ್ಲ. ಮೈಕ್ ಇಲ್ಲದ ಒಂದು ಫ್ರೇಮನ್ನು ಫೋಟೋ ಥರ ತೆಗೆದು ಮೇಲಿನ ಟ್ರ್ಯಾಕಿನಲ್ಲಿ ಇಟ್ಟೆ. ಮಾಸ್ಕ್ ಹಾಕಿ ಮೇಲಿನ ಪಟ್ಟಿ ಮಾತ್ರ ಉಳಿಸಿ, ಅಂಚನ್ನು ಫೆದರ್ ಮಾಡಿ ಮಸುಕಾಗಿಸಿದೆ. ಬೆಕ್ಕು ಮಾಯ. ಆದರೂ ಏನೋ ಸರಿ ಇಲ್ಲ. ಹತ್ತಿರ ಹೋಗಿ ನೋಡಿದರೆ, ಕೆಳಗಿನ ಗೋಡೆಯ ಮೇಲೆ ಕ್ಯಾಮೆರಾದ ಕಾಳು, ಅಂದರೆ ಚಿತ್ರದಲ್ಲಿ ಕಾಣುವ ಪುಟ್ಟ ಚುಕ್ಕೆಗಳ ರಾಶಿ, ಸಣ್ಣಗೆ ಕುಣಿಯುತ್ತಿದೆ, ಮೇಲಿನ ಪಟ್ಟಿಯಲ್ಲಿ ಸತ್ತು ಬಿದ್ದಿದೆ. ಅದಕ್ಕೇ ಫೋಟೋ ಬದಲು ವಿಡಿಯೋ ತುಂಡೇ ಹಾಕಬೇಕು. ಅತಿಥಿ ಸುಮ್ಮನೆ ಪ್ರಶ್ನೆ ಕೇಳಿಸಿಕೊಳ್ಳುತ್ತಿದ್ದ 20 ಸೆಕೆಂಡ್ ಸಿಕ್ಕಿತು. ಬೆಳಕೂ ಹೊಂದಿತು. ಕಾಳು ಮತ್ತೆ ಕುಣಿಯಿತು, ನಾನೂ ಕುಣಿದೆ.

ಗೋಡೆ ಗಡಿಯಾರವನ್ನು ಮಾತ್ರ ಮರೆತಿದ್ದೆ. ಅದು ಇದ್ದದ್ದೂ ಅದೇ ಪಟ್ಟಿಯಲ್ಲಿ. ತೇಪೆಯ ತುಂಡು 11 ನಿಮಿಷ ಹಿಂದಿನದು. 4:32 ಇದ್ದದ್ದು ಏಕಾಏಕಿ 4:21 ಆಗಿ, 14 ಸೆಕೆಂಡ್ ಆದಮೇಲೆ ಮತ್ತೆ 4:32! ಅದೃಷ್ಟ, ಮೈಕ್ ಗಡಿಯಾರಕ್ಕೆ ಅಡ್ಡ ಬಂದಿರಲಿಲ್ಲ. ಮಾಸ್ಕಿನ ಗೆರೆಯನ್ನು ಅದರ ಪಕ್ಕಕ್ಕೆ ಬಳಸಿ ಎಳೆದೆ. ಮೈಕ್ ಕೆಳಗಿದ್ದ ಹೊತ್ತಿನಲ್ಲಿ ಅತಿಥಿಯ ತಲೆ ಪಟ್ಟಿಯೊಳಗೆ ಬಂದಿಲ್ಲ ಅಂತಲೂ ಒಂದೊಂದೇ ಫ್ರೇಮ್ ಸರಿಸಿ ನೋಡಿಕೊಂಡೆ. ಬಂದಿದ್ದರೆ ಕೂದಲಿನ ಸುತ್ತ ಪ್ರತಿ ಫ್ರೇಮಿನಲ್ಲೂ ಮಾಸ್ಕ್ ಸರಿಸುತ್ತಾ ಬೆಳಗು ಮಾಡಬೇಕಿತ್ತು.

ರಾತ್ರಿ ಒಂದಕ್ಕೆ ಗೆಳೆಯನಿಗೆ ಕಳಿಸಿದೆ. ಪ್ರಶ್ನೆ ಕೇಳಿದವನು ಅವನೇ. ಬೆಳಿಗ್ಗೆ ಫೋನ್ ಬಂತು.

"ಚೆನ್ನಾಗಿದೆ ಕಣೋ, ಮೈಕ್ ಕಾಣ್ತಾನೇ ಇಲ್ಲ. ಆದ್ರೆ ಅವರ ಭುಜದ ಪಕ್ಕ ಗೋಡೆ ಮೇಲೆ ಅದೇನೋ ನೆರಳು. ಬೆಕ್ಕಾ?"