ಹುಳಿ, ಕಹಿ, ಮತ್ತೆ ಆ ಒಗರು

ಹುಬ್ಬಳ್ಳಿ ಚಹಾದ ಊರು. ಚಹಾ ಕಡಕ್ ಇದೆಯೋ, ಪುಡಿ ಕಡಿಮೆ ಬಿದ್ದಿದೆಯೋ ಎಂದು ಇಲ್ಲಿ ಯಾರನ್ನು ಕೇಳಿದರೂ ಬಣ್ಣ ನೋಡಿಯೇ ಹೇಳುತ್ತಾರೆ. ಕಾಫಿಯ ವಿಷಯ ಬಂದರೆ ಮಾತ್ರ ದೂರು ಒಂದೇ: ‘ಕಹಿ ಆಗೇತಿ’. ಪರಿಹಾರವೂ ಒಂದೇ, ಇನ್ನೊಂದು ಚಮಚ ಸಕ್ಕರೆ.

ನಮ್ಮ ಪಕ್ಕದ ಮನೆಯ ಕಾಕಾ ಈಚೆಗೆ ಡಾಕ್ಟರ್ ಮಾತಿಗೆ ಕಟ್ಟುಬಿದ್ದು ಹಾಲು, ಸಕ್ಕರೆ ಬಿಟ್ಟು ಕರೀ ಕಾಫಿ ಹಿಡಿದಿದ್ದಾರೆ. ಚಿಕ್ಕಮಗಳೂರಿನಿಂದ ಯಾರೋ ತಂದುಕೊಟ್ಟ ಅರೇಬಿಕಾ ಪುಡಿ, ಚಿಕೋರಿ ಇಲ್ಲದ್ದು. ಒಂದು ಬೆಳಿಗ್ಗೆ ಲೋಟ ಹಿಡಿದುಕೊಂಡೇ ಬಂದರು.

“ಏನಪಾ, ಪುಡಿ ಕೆಟ್ಟೈತೇನು? ಒಂದ ಗುಟುಕಿಗೆ ಬಾಯೆಲ್ಲ ಹುಳಿ ಆತು.”

ನಾನೂ ಒಂದು ಗುಟುಕು ಕುಡಿದೆ. ಹುಳಿ ನಿಜ. ಆದರೆ ಎಂಥ ಹುಳಿ ಎಂಬುದು ಮುಖ್ಯ. ನವಲೂರಿನ ಪೇರಲ ಹಣ್ಣು ಹದವಾಗಿ ಪಕ್ವವಾದಾಗ ಅದರಲ್ಲೂ ಹುಳಿ ಇರುತ್ತದೆ. ಬಾಯಲ್ಲಿ ನೀರೂರಿಸಿ, ಹಿಂದೆಯೇ ಸಿಹಿ ತಂದು, ಹೊರಟುಹೋಗುತ್ತದೆ. ಒಳ್ಳೆಯ ಅರೇಬಿಕಾದಲ್ಲಿ ಇರುವುದು ಆ ಬಗೆಯ ಹುಳಿ. ಬೀಜದಲ್ಲೇ ಸಿಟ್ರಿಕ್, ಮ್ಯಾಲಿಕ್ ಆಮ್ಲಗಳಿರುತ್ತವೆ. ಹುರಿದಷ್ಟೂ ಅವು ಕಡಿಮೆಯಾಗುತ್ತವೆ. ಅದಕ್ಕೇ ಹದವಾಗಿ ಹುರಿದ ಕಾಫಿಯಲ್ಲಿ ಹುಳಿ ಜಾಸ್ತಿ, ಕಪ್ಪಗೆ ಹುರಿದದ್ದರಲ್ಲಿ ಕಹಿ ಜಾಸ್ತಿ. ಕಾಕಾನ ಲೋಟದ ಹುಳಿಗೆ ಮಾತ್ರ ಹಿಂದೆ ಸಿಹಿ ಇರಲಿಲ್ಲ. ತೆಳ್ಳಗಿತ್ತು, ಮುಖ ಕಿವುಚುವಂತಿತ್ತು, ಗುಟುಕು ಇಳಿದ ಮೇಲೂ ಹೋಗಲಿಲ್ಲ.

ಫಿಲ್ಟರಿಗೆ ನೀರು ಎಲ್ಲಿಂದ ಹಾಕಿದಿರಿ ಎಂದು ಕೇಳಿದೆ. ಫ್ಲಾಸ್ಕಿನಿಂದ. ರಾತ್ರಿ ತುಂಬಿಟ್ಟ ನೀರು! ಅಲ್ಲಿಗೆ ಕಾರಣ ಸಿಕ್ಕಿತು. ಪುಡಿಯಿಂದ ಮೊದಲು ಬಿಡುವುದು ಹುಳಿ. ಸಿಹಿಯೂ ಕಹಿಯೂ ಆಮೇಲೆ ಬರುತ್ತವೆ, ಅವಕ್ಕೆ ಬಿಸಿಯೂ ಹೊತ್ತೂ ಬೇಕು. ನೀರು ಆರಿದ್ದರೆ, ಇಲ್ಲವೇ ಪುಡಿ ತೀರಾ ದಪ್ಪಗಿದ್ದು ನೀರು ಸರ್ರನೆ ಇಳಿದುಹೋದರೆ, ಲೋಟಕ್ಕೆ ಬೀಳುವುದು ಬರೀ ಹುಳಿ. ಅದೇ ಪುಡಿಗೆ ನೀರು ಕುದಿಸಿ, ಒಲೆಯಿಂದ ಇಳಿಸಿ ಅರೆ ನಿಮಿಷಕ್ಕೆ ಹಾಕಿದೆವು. ಹುಳಿ ಹೋಗಲಿಲ್ಲ, ಅದರ ಬೆನ್ನಿಗೆ ಸಿಹಿ ಬಂತು. ಪುಡಿಯ ತಪ್ಪಿರಲಿಲ್ಲ. ಬಿಸಿನೀರಿಗೂ ಬಗ್ಗದೆ, ವಿನೆಗರ್ ವಾಸನೆ ಹೊಡೆದಿದ್ದರೆ ಆಗ ಬೀಜವೇ ಹುದುಗಿ ಕೆಟ್ಟಿದೆ ಎನ್ನಬೇಕಿತ್ತು.

ಮರುವಾರ ಕಾಕಾನದು ಬೇರೆ ರಾಗ. “ಈಗ ಕಹಿ ಆಗೇತಿ.” ಹುಳಿಯ ಭಯಕ್ಕೆ ಅವರು ಪುಡಿಯನ್ನು ಇನ್ನೂ ನುಣ್ಣಗೆ ಬೀಸಿಸಿ, ಫಿಲ್ಟರಿನ ಒತ್ತುಬಿಲ್ಲೆಯನ್ನು ಹೆಬ್ಬೆರಳಿನಿಂದ ಬಲವಾಗಿ ಅದುಮಿದ್ದರು. ಡಿಕಾಕ್ಷನ್ ಒಂದು ತಾಸು ಹನಿದಿತ್ತಂತೆ.

ಕಹಿಯೋ, ಒಗರೋ ಎಂದು ತಿಳಿಯಲು ಗುಟುಕು ನುಂಗಿದ ಮೇಲೆ ನಾಲಿಗೆಯನ್ನು ಅಂಗುಳಕ್ಕೆ ಮೆಲ್ಲಗೆ ಉಜ್ಜಿ ನೋಡಬೇಕು. ಜಾರಿದರೆ ಕಹಿ ಮಾತ್ರ. ಒಣಗಿ, ತೊಡರಿದಂತಾದರೆ ಒಗರೂ ಇದೆ. ಒಗರು ನಾಲಿಗೆಗೆ ತಿಳಿಯುವ ರುಚಿ ಅನ್ನುವುದಕ್ಕಿಂತ ಬಾಯಿಗೆ ತಿಳಿಯುವ ಸ್ಪರ್ಶ. ಎಂಜಲಿನಲ್ಲಿರುವ ಪ್ರೋಟೀನು ಬಾಯಿಯನ್ನು ನುಣುಪಾಗಿಡುತ್ತದೆ. ಕಾಫಿಯ ಪಾಲಿಫಿನಾಲ್‌ಗಳು ಅದನ್ನು ಹಿಡಿದುಕೊಂಡಾಗ ಆ ನುಣುಪು ಹೋಗುತ್ತದೆ. ಎರಡನೇ, ಮೂರನೇ ಗುಟುಕಿಗೆ ಇನ್ನೂ ಜಾಸ್ತಿ. (ನಾಲಿಗೆಯ ತುದಿಗೆ ಸಿಹಿ, ಬುಡಕ್ಕೆ ಕಹಿ ಎಂದು ಶಾಲೆಯ ಪುಸ್ತಕದಲ್ಲಿದ್ದ ಚಿತ್ರ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಅದು ಸರಿಯೂ ಅಲ್ಲ, ಕಹಿ ನಾಲಿಗೆಯ ಎಲ್ಲ ಕಡೆಗೂ ತಿಳಿಯುತ್ತದೆ.)

ಕಾಕಾ ಉಜ್ಜಿ ನೋಡಿದರು. “ಕಾಯಿ ಪ್ಯಾರಲ ಕಚ್ಚಿದಂಗಾತಲ್ಲೋ!”

ಸಕ್ಕರೆ ಕಹಿಯನ್ನು ಮರೆಸುತ್ತದೆ, ಒಗರನ್ನು ತೆಗೆಯುವುದಿಲ್ಲ. ಎರಡು ಚಮಚ ಸುರಿದರೂ ಕಾಫಿ ‘ಸರಿ ಇಲ್ಲ’ ಅನಿಸುವುದು ಇದಕ್ಕೇ. ಹಾಲು ಹಾಕಿದರೆ ಒಗರು ತಗ್ಗುತ್ತದೆ, ಏಕೆಂದರೆ ಪಾಲಿಫಿನಾಲ್‌ಗಳು ಹಾಲಿನ ಪ್ರೋಟೀನಿಗೆ ಅಂಟಿಕೊಂಡು ನಮ್ಮ ಎಂಜಲನ್ನು ಬಿಡುತ್ತವೆ. ಹೋಟೆಲಿನ ಹಾಲುಕಾಫಿ ಕುಡಿದು ಬೆಳೆದ ನಮಗೆ ಒಗರಿನ ಪರಿಚಯ ಆಗಿರದಿದ್ದರೆ ಆಶ್ಚರ್ಯವೇನಿಲ್ಲ, ಅಲ್ವಾ?

ಕರೀ ಕಾಫಿಗೆ ಹಾಲಿನ ಆಸರೆ ಇಲ್ಲ. ಕಾಕಾ ಪುಡಿಯನ್ನು ಒಂದು ಮೆಟ್ಟಿಲು ದಪ್ಪ ಮಾಡಿಸಿದರು. ಒತ್ತುಬಿಲ್ಲೆಯನ್ನು ಈಗ ಸುಮ್ನೆ ಮೇಲಿಡುತ್ತಾರೆ. ಕಾಲು ತಾಸಿನೊಳಗೆ ಡಿಕಾಕ್ಷನ್ ಇಳಿಯುತ್ತದೆ. ಅದೇ ಪುಡಿಗೆ ಎರಡನೇ ಸಲ ನೀರು ಹಾಕುವ ಪದ್ಧತಿಯನ್ನು ಮಾತ್ರ ಕಾಕೂ ಬಿಟ್ಟಿಲ್ಲ. ಆ ಎರಡನೇ ನೀರಿಗೆ ಬರುವುದು ಹೆಚ್ಚಾಗಿ ಕಹಿಯೂ ಒಗರೂ. ಅದನ್ನವರು ಗಟ್ಟಿ ಹಾಲು, ಧಾರಾಳ ಸಕ್ಕರೆ ಬೆರೆಸಿ ಬಂದವರಿಗೆ ಕೊಡುತ್ತಾರೆ. ಇದುವರೆಗೆ ಯಾರೂ ಬೇಡ ಅಂದಿಲ್ಲ.