ಕೀ ಕಳೆದುಕೊಂಡಿದ್ದೇನೆ, ಪಿಜ್ಜಾ ತಿಂದಿದ್ದೇನೆ

ನಮ್ಮ ಇಟಾಲಿಯನ್ ಮೇಡಂಗೆ ಪತ್ರದಲ್ಲಿ ಏನಿದೆ ಅನ್ನುವುದು ಮುಖ್ಯವಲ್ಲ. ಪಸ್ಸಾತೊ ಪ್ರೋಸ್ಸಿಮೊ ಅನ್ನುವ ಭೂತಕಾಲ ಎಷ್ಟು ಸಲ ಇದೆ ಅನ್ನುವುದು ಮುಖ್ಯ. ಸ್ನೇಹಿತೆಗೆ ಪತ್ರ ಬರೆಯಿರಿ, ಕಳೆದ ಶನಿವಾರ ಏನು ಮಾಡಿದಿರಿ ಅಂತ ಹೇಳಿ, ಕಮ್ಮಿ ಅಂದ್ರೂ ಹದಿನೈದು ಪಸ್ಸಾತೊ ಪ್ರೋಸ್ಸಿಮೊ ಬರಲೇಬೇಕು. ಇಷ್ಟೇ ಹೋಮ್‌ವರ್ಕ್. ಆ ಸ್ನೇಹಿತೆ ಯಾರು, ಅವಳಿಗೆ ಇದನ್ನೆಲ್ಲ ಓದುವ ತಾಳ್ಮೆ ಇದೆಯಾ, ಅದು ಯಾರಿಗೂ ಬೇಕಿಲ್ಲ.

ನಾವಿರುವುದು ಟುರಿನ್‌ನಲ್ಲಿ. ಇಟಲಿಯಲ್ಲಿ ಐದು ವರ್ಷ ಸರಿಯಾದ ಕಾಗದಪತ್ರ ಇಟ್ಟುಕೊಂಡು ಇದ್ದವರು ದೀರ್ಘಾವಧಿ ವಾಸದ ಪರ್ಮಿಟ್‌ಗೆ ಅರ್ಜಿ ಹಾಕಬಹುದು. ಅದಕ್ಕೆ ಎ2 ಮಟ್ಟದ, ಅಂದರೆ ದಿನನಿತ್ಯಕ್ಕೆ ಸಾಕಾಗುವಷ್ಟು ಇಟಾಲಿಯನ್ ಬರಬೇಕು. ಹಾಗಾಗಿ ನಾನು, ನಮ್ಮ ಯಜಮಾನರು ಇಬ್ಬರೂ ಸಂಜೆ ಕ್ಲಾಸಿಗೆ ಹೋಗುತ್ತೇವೆ.

ಪಸ್ಸಾತೊ ಪ್ರೋಸ್ಸಿಮೊ ಅಂದರೆ ಮುಗಿದ ಕೆಲಸ ಹೇಳುವ ಭೂತಕಾಲ. ಕ್ರಿಯಾಪದ ಒಂದೇ ಬರುವುದಿಲ್ಲ, ಜೋಡಿಯಾಗಿ ಬರುತ್ತದೆ. ಮುಂದೆ ಒಂದು ಚಿಕ್ಕ ಪದ, ಹಿಂದೆ ನಿಜವಾದ ಕೆಲಸ. ‘ಒ ಮಾಂಜಾತೊ’ ಅಂದರೆ ತಿಂದಿದ್ದೇನೆ, ‘ಸೋನೊ ಅಂದಾತಾ’ ಅಂದರೆ ಹೋಗಿದ್ದೇನೆ. ತೊಂದರೆ ಇರುವುದು ಆ ಮುಂದಿನ ಚಿಕ್ಕ ಪದದಲ್ಲಿ. ತಿನ್ನುವುದು, ಕುಡಿಯುವುದು, ಕೊಳ್ಳುವುದಕ್ಕೆಲ್ಲ ‘ಅವೇರೆ’, ಅಂದರೆ ನನ್ನ ಹತ್ತಿರ ಇದೆ ಅನ್ನುವ ಕ್ರಿಯಾಪದ, ‘ಒ’ ಅದರ ರೂಪ. ಹೋಗುವುದು, ಬರುವುದು, ಬೀಳುವುದು, ಹುಟ್ಟುವುದು, ಸಾಯುವುದಕ್ಕೆಲ್ಲ ‘ಎಸ್ಸೆರೆ’, ಅಂದರೆ ನಾನು ಇದ್ದೇನೆ ಅನ್ನುವುದು, ‘ಸೋನೊ’ ಅದರ ರೂಪ. ಸರಿ, ಓಡಾಟಕ್ಕೆಲ್ಲ ಎಸ್ಸೆರೆ ಅಂತ ನೆನಪಿಟ್ಟುಕೊಂಡರೆ ಆಯ್ತಲ್ವಾ ಅಂದುಕೊಳ್ಳುವಷ್ಟರಲ್ಲಿ ನಡೆಯುವುದು ಮತ್ತು ಈಜುವುದು ಬಂದು ನಮಗೆ ಅವೇರೆನೇ ಬೇಕು ಅನ್ನುತ್ತವೆ.

ಕನ್ನಡದವರಿಗೆ ಇಲ್ಲಿ ಒಂದು ವಿಶೇಷ ಗುಂಡಿ ಇದೆ. ನಮ್ಮಲ್ಲಿ ‘ಹೋಗಿದ್ದೇನೆ’, ‘ತಿಂದಿದ್ದೇನೆ’, ‘ಕೊಂಡಿದ್ದೇನೆ’ ಎಲ್ಲದರ ಬಾಲದಲ್ಲೂ ಒಂದೇ ‘ಇದ್ದೇನೆ’. ನಮಗೆ ಎಲ್ಲವೂ ಎಸ್ಸೆರೆನೇ. ಹಾಗಾಗಿ ನಮ್ಮ ಯಜಮಾನರು ಮೊದಲ ವಾರಗಳಲ್ಲಿ ಧೈರ್ಯವಾಗಿ ‘ಸೋನೊ ಮಾಂಜಾತೊ’ ಅನ್ನುತ್ತಿದ್ದರು. ಹಾಗಂದರೆ ನನ್ನನ್ನು ಯಾರೋ ತಿಂದಿದ್ದಾರೆ ಅಂತ ಕೇಳಿಸುತ್ತದೆ. ಪಕ್ಕದ ಬೆಂಚಿನ ಪೆರು ದೇಶದ ಹುಡುಗಿಗೆ ಇದರ ಉಲ್ಟಾ ಕಷ್ಟ. ಸ್ಪ್ಯಾನಿಷ್‌ನಲ್ಲಿ ಈ ಕೆಲಸಕ್ಕೆ ಒಂದೇ ಪದ, ಅದು ಅವೇರೆಯ ಕಡೆಯದು. ಅವಳು ಎಲ್ಲಿಗೆ ಹೋಗಿ ಬಂದರೂ ‘ಒ ಅಂದಾತೊ’. ಇವರಿಬ್ಬರನ್ನು ಅರ್ಧರ್ಧ ಸೇರಿಸಿದರೆ ಒಬ್ಬ ಪೂರ್ತಿ ಪಾಸಾಗುವ ವಿದ್ಯಾರ್ಥಿ ಸಿಗುತ್ತಾನೆ ಅಂತ ಮೇಡಂ ಲೆಕ್ಕ.

ಎಸ್ಸೆರೆಯಲ್ಲಿ ಇನ್ನೊಂದು ಕಿತಾಪತಿ ಇದೆ. ಹೋದವರು ಗಂಡಸಾದರೆ ‘ಅಂದಾತೊ’, ಹೆಂಗಸಾದರೆ ‘ಅಂದಾತಾ’. ಕನ್ನಡದಲ್ಲಿ ಅವನು ಹೋದ, ಅವಳು ಹೋದಳು ಅಂತ ಇದ್ದರೂ ‘ನಾನು ಹೋದೆ’ ಅನ್ನುವಾಗ ಈ ತಲೆನೋವಿಲ್ಲ. ಯಾರು ಹೋದದ್ದು ಅಂತ ನನಗೆ ಗೊತ್ತೇ ಇರುತ್ತದಲ್ಲ. ಇಟಾಲಿಯನ್‌ನವರು ನನ್ನ ಬಗ್ಗೆ ನನಗೇ ಹೇಳಿಸುತ್ತಾರೆ. ನಮ್ಮವರು ಕ್ಲಾಸಿಗೆ ಹೊರಡುವ ಹತ್ತು ನಿಮಿಷ ಮೊದಲು ನನ್ನ ಪತ್ರ ಎಳೆದುಕೊಂಡು, ಮೇಲಿನ ‘ಕಾರಾ ಅಮೀಕಾ’ ಅನ್ನುವ ಗೆಳತಿಯನ್ನು ‘ಕಾರೊ ಅಮೀಕೊ’ ಅಂತ ಗೆಳೆಯನನ್ನಾಗಿ ಮಾಡಿ, ಉಳಿದದ್ದನ್ನು ಹಾಗೇ ಇಳಿಸಿಕೊಂಡರು. ಕ್ಲಾಸಿನಲ್ಲಿ ಗಟ್ಟಿಯಾಗಿ ಓದಿದರು. ‘ಸೋನೊ ಉಶೀತಾ’, ‘ಸೋನೊ ಅಂದಾತಾ’, ‘ಸೋನೊ ಕದೂತಾ’. ಮೇಡಂ ಕನ್ನಡಕ ಇಳಿಸಿ, ಯಾರು, ಅವಳಾ ಅಂತ ಕೇಳಿದರು. ನಮ್ಮವರು ಮೀಸೆ ಸವರಿಕೊಂಡು ‘ಇಯೊ’ ಅಂದರು. ಇಯೊ ಅಂದರೆ ನಾನು. ಅವೇರೆ ಕಡೆಯ ವಾಕ್ಯಗಳಲ್ಲಿ ಈ ಬದಲಾವಣೆ ಇಲ್ಲವಾದ್ದರಿಂದ ಅವರು ಕಾಫಿ ಕುಡಿಯುವಾಗ ಗಂಡಸಾಗಿಯೇ ಇದ್ದರು. ಬೀದಿಗಿಳಿದ ಮೇಲೆ ಹೆಂಗಸಾದರು.

ಅಂಥಾ ಪತ್ರದಲ್ಲಿ ಏನಿತ್ತು ಅಂದರೆ, ಇದು.

“ಪ್ರೀತಿಯ ಗೆಳತಿ, ಹೇಗಿದ್ದೀಯ? ನಾನು ಚೆನ್ನಾಗಿದ್ದೇನೆ. ಕಳೆದ ಶನಿವಾರ ಏಳು ಗಂಟೆಗೆ ಎದ್ದಿದ್ದೇನೆ. ಕಾಫಿ ಕುಡಿದಿದ್ದೇನೆ. ಸ್ನಾನ ಮಾಡಿದ್ದೇನೆ. ಹೊರಗೆ ಹೊರಟಿದ್ದೇನೆ. ಟ್ರ್ಯಾಮ್ ಹಿಡಿದಿದ್ದೇನೆ. ಪೋರ್ತಾ ಪಲಾತ್ಸೊ ಸಂತೆಗೆ ಹೋಗಿದ್ದೇನೆ. ಟೊಮೆಟೊ ಕೊಂಡಿದ್ದೇನೆ. ಬಿದ್ದಿದ್ದೇನೆ. ಕೀ ಕಳೆದುಕೊಂಡಿದ್ದೇನೆ. ಅತ್ತಿದ್ದೇನೆ. ಮಳೆ ಬಂದಿದೆ. ಮನೆಗೆ ವಾಪಸ್ ಬಂದಿದ್ದೇನೆ. ಬಾಗಿಲು ತೆಗೆದಿದ್ದೇನೆ. ಪಿಜ್ಜಾ ತಿಂದಿದ್ದೇನೆ. ಹಾಸಿಗೆಗೆ ಹೋಗಿದ್ದೇನೆ. ಒಂದು ಅಪ್ಪುಗೆ.”

ಓದಿದರೆ ಪೊಲೀಸ್ ಸ್ಟೇಷನ್ನಿನಲ್ಲಿ ಬರೆಸಿದ ಹೇಳಿಕೆ ಇದ್ದ ಹಾಗಿದೆ, ಅಲ್ವಾ? ಇದಕ್ಕೆ ಕಾರಣ ಇದೆ. ಇಟಾಲಿಯನ್‌ನಲ್ಲಿ ನಡೆದ ಘಟನೆಗೆ ಪಸ್ಸಾತೊ ಪ್ರೋಸ್ಸಿಮೊ. ಆದರೆ ಸುತ್ತಮುತ್ತ ಹೇಗಿತ್ತು, ಮಳೆ ಬರುತ್ತಾ ಇತ್ತು, ನನಗೆ ಸುಸ್ತಾಗಿತ್ತು, ಸಂತೆಯಲ್ಲಿ ಜನ ಜಾಸ್ತಿ ಇದ್ದರು ಅಂತ ಹೇಳಬೇಕಾದರೆ ಇಂಪೆರ್ಫೆತ್ತೊ ಅನ್ನುವ ಬೇರೆಯೇ ಭೂತಕಾಲ ಬೇಕು. ಅದು ನಮಗೆ ಮುಂದಿನ ಪಾಠ. ಅಲ್ಲಿಯವರೆಗೆ ನಮ್ಮ ಬದುಕಿನಲ್ಲಿ ಘಟನೆಗಳು ಮಾತ್ರ ನಡೆಯುತ್ತವೆ, ಕಾರಣ ಇರುವುದಿಲ್ಲ. ಯಾಕೆ ಅತ್ತೆ? ಗೊತ್ತಿಲ್ಲ. ಅತ್ತಿದ್ದೇನೆ, ಅಷ್ಟೇ. ಆಮೇಲೆ ಪಿಜ್ಜಾ.

ಅನಾಹುತಗಳೇ ಜಾಸ್ತಿ ಯಾಕೆ ಅಂದರೆ, ಅದಕ್ಕೂ ವ್ಯಾಕರಣವೇ ಹೊಣೆ. ರೂಢಿ ತಪ್ಪಿದ ರೂಪಗಳನ್ನು ಬಳಸಿದರೆ ಮೇಡಂಗೆ ಖುಷಿ. ‘ಪೆರ್ದೆರೆ’ ಅಂದರೆ ಕಳೆದುಕೊಳ್ಳುವುದು, ಅದು ‘ಪೆರ್ಸೊ’ ಆಗುತ್ತದೆ. ‘ಪ್ಯಾಂಜೆರೆ’ ಅಂದರೆ ಅಳುವುದು, ಅದು ‘ಪ್ಯಾಂತೊ’. ಒಡೆಯುವುದು ‘ರೋತ್ತೊ’, ಸಾಯುವುದು ‘ಮೋರ್ತೊ’. ಸುಖವಾಗಿರುವವರಿಗೆ ಈ ಪಟ್ಟಿಯಲ್ಲಿ ಜಾಸ್ತಿ ಕೆಲಸವಿಲ್ಲ. ಕ್ಲಾಸಿನ ಇನ್ನೊಬ್ಬರು ಆ ‘ಮೋರ್ತೊ’ ಬಳಸಲಿಕ್ಕೆ ಅಂತಲೇ ಪತ್ರದಲ್ಲಿ ತಮ್ಮ ತಾತನನ್ನು ಸಾಯಿಸಿ, ಮುಂದಿನ ಸಾಲಿನಲ್ಲೇ ಐಸ್‌ಕ್ರೀಂ ತಿಂದಿದ್ದರು. ಮೇಡಂ ಎರಡಕ್ಕೂ ರೈಟ್ ಹಾಕಿ ‘ಬ್ರಾವೊ’ ಅಂತ ಬರೆದರು.

ಕ್ಲಾಸಿಗೆ ಕೊಡುವ ಮೊದಲು ನಾನು ಪತ್ರವನ್ನು ನಮ್ಮ ಮೇಲಿನ ಮನೆಯ ಸಿನ್ಯೋರಾಗೆ ತೋರಿಸಿದ್ದೆ. ಎಂಬತ್ತರ ಹತ್ತಿರದ ಹೆಂಗಸು. ಮೂಲತಃ ಸಿಸಿಲಿಯವರು. 1960ರ ದಶಕದಲ್ಲಿ ದಕ್ಷಿಣದಿಂದ ಸಾವಿರಾರು ಕುಟುಂಬಗಳು ಟುರಿನ್‌ನ ಕಾರ್ ಫ್ಯಾಕ್ಟರಿ ಕೆಲಸಕ್ಕೆ ಅಂತ ಬಂದವಲ್ಲ, ಹಾಗೆ ಅಪ್ಪನ ಜೊತೆ ಬಂದು ಇಲ್ಲೇ ಉಳಿದವರು. ಅವರು ಕನ್ನಡಕ ಹಾಕಿಕೊಂಡು, ತುಟಿ ಅಲ್ಲಾಡಿಸುತ್ತಾ ಓದಿದರು. ಮಧ್ಯದಲ್ಲಿ ನಿಂತರು. ನನ್ನ ಮುಖ ನೋಡಿ “ಕದೆಸ್ತಿ?” ಅಂದರು. ನಾನು “ಸೀ, ಸೀ” ಅಂದೆ. ಇನ್ನೊಂದು ಸಾಲು ಓದಿ “ಪೆರ್ದೆಸ್ತಿ ಲೆ ಕ್ಯಾವಿ?” ಅಂದರು. “ಸೀ!” ಅಂದೆ. ಯಾವಾಗ ಅಂತ ಕೇಳಿದರು. ಅದು ಅರ್ಥವಾಯ್ತು. “ಸಾಬತೊ ಸ್ಕೋರ್ಸೊ,” ಕಳೆದ ಶನಿವಾರ ಅಂತ ಚೊಕ್ಕಟವಾಗಿ ಹೇಳಿದೆ. ನನ್ನ ಉಚ್ಚಾರಣೆಗೆ ಅವರು ಹಾಗೆ ಬಾಯಿ ಮೇಲೆ ಕೈ ಇಟ್ಟುಕೊಂಡರು ಅಂತ ಭಾವಿಸಿದೆ.

ಈ ‘ಪೆರ್ದೆಸ್ತಿ’ ಅನ್ನುವುದು ಪಸ್ಸಾತೊ ರೆಮೋತೊ. ದೂರದ ಭೂತಕಾಲ. ಟುರಿನ್ ಕಡೆ ಮಾತಿನಲ್ಲಿ ಅದನ್ನು ಹೆಚ್ಚುಕಮ್ಮಿ ಯಾರೂ ಬಳಸುವುದಿಲ್ಲ, ಕತೆ ಪುಸ್ತಕದಲ್ಲಿ ಮಾತ್ರ ಸಿಗುತ್ತದೆ, ನಿಮಗೆ ಈಗ ಬೇಡ ಅಂತ ಮೇಡಂ ಹೇಳಿದ್ದರು. ಆದರೆ ಸಿಸಿಲಿಯವರು ಇವತ್ತು ಬೆಳಿಗ್ಗೆ ನಡೆದದ್ದಕ್ಕೂ ಅದನ್ನೇ ಬಳಸುತ್ತಾರೆ. ಅಂದರೆ ಸಿನ್ಯೋರಾ ಕೇಳಿದ್ದು, ನೀನು ಬಿದ್ದೆಯಾ, ಕೀ ಕಳೆದುಕೊಂಡೆಯಾ ಅಂತ. ನಾನು ಯಾವುದೋ ಅಕ್ಷರ ಸರಿ ಇದೆಯಾ ಅಂತ ಕೇಳುತ್ತಿದ್ದಾರೆ ಅಂದುಕೊಂಡು ಎಲ್ಲದಕ್ಕೂ ಹೂಂಗುಟ್ಟಿದ್ದೆ.

ಅವತ್ತಿನಿಂದ ಮೆಟ್ಟಿಲ ಮೇಲೆ ಸಿಕ್ಕಾಗಲೆಲ್ಲ ಅವರು ನನ್ನ ಮಂಡಿ ನೋಡಿ ಹೇಗಿದೆ ಅಂತ ಕೇಳತೊಡಗಿದರು. ಸಿಸಿಲಿ ಕಡೆ ಕುಶಲ ಕೇಳುವ ರೀತಿಯೇ ಹಾಗಿರಬೇಕು ಅಂತ ನಾನೂ ಅವರ ಮಂಡಿ ವಿಚಾರಿಸುತ್ತಿದ್ದೆ.

ಆಮೇಲೆ ಒಂದು ಸಂಜೆ ಕೆಳಗಿನ ನೋಟಿಸ್ ಬೋರ್ಡಿನಲ್ಲಿ ಕಟ್ಟಡ ನೋಡಿಕೊಳ್ಳುವ ಅಮ್ಮಿನಿಸ್ತ್ರತೋರೆಯ ಕಾಗದ ಬಿತ್ತು. ಬೀದಿ ಬಾಗಿಲಿನ ಒಂದು ಕೀ ಕಳೆದುಹೋಗಿದೆ, ಸುರಕ್ಷತೆಗೋಸ್ಕರ ಬೀಗ ಬದಲಾಯಿಸುತ್ತೇವೆ, ಖರ್ಚನ್ನು ಎಲ್ಲ ಮನೆಗೂ ಹಂಚಲಾಗುವುದು. ನಮ್ಮವರು ಡಿಕ್ಷನರಿ ಹಿಡಿದು ಪೂರ್ತಿ ಓದಿ, ಹೆಮ್ಮೆಯಿಂದ ನನಗೆ ವಿವರಿಸಿದರು. “ನೋಡೇ, ಯಾರೋ ಕೀ ಕಳ್ಕೊಂಡಿದ್ದಾರಂತೆ. ಎಂಥಾ ಬೇಜವಾಬ್ದಾರಿ ಜನ. ಅವರೊಬ್ಬರ ಹತ್ರ ವಸೂಲಿ ಮಾಡ್ಬೇಕಪ್ಪ.”

ನನಗೆ ಯಾಕೋ ಹೊಟ್ಟೆಯಲ್ಲಿ ಕಸಿವಿಸಿ. ‘ಪೆರ್ಸೊ’ ಅನ್ನುವ ಪದ ಆ ನೋಟಿಸ್‌ನಲ್ಲೂ ಇತ್ತು. “ರೀ, ಅದು ನಂದೇ ಕೀ ಅನ್ಸುತ್ತೆ,” ಅಂದೆ.

“ನಿನ್ ಕೀ ನಿನ್ ಬ್ಯಾಗಲ್ಲೇ ಇದೆಯಲ್ಲ?”

“ಇದೆ. ಪತ್ರದಲ್ಲಿ ಕಳೆದಿದೆ.”

ಅವರು ಪತ್ರ ತೆಗೆಸಿ ಇನ್ನೊಮ್ಮೆ ಓದಿದರು. ಈ ಸಲ ನಕಲು ಮಾಡಲಿಕ್ಕಲ್ಲ. ನಾನು ಸಮರ್ಥನೆ ಕೊಟ್ಟೆ. ಕೀ ಬ್ಯಾಗಿನಲ್ಲೇ ಇತ್ತು ಅಂತ ಬರೆಯೋಣ ಅಂತಲೇ ಇದ್ದೆ, ಆದರೆ ‘ಇತ್ತು’ ಅನ್ನುವುದು ಇಂಪೆರ್ಫೆತ್ತೊ ರೀ, ನಮಗಿನ್ನೂ ಹೇಳಿಕೊಟ್ಟಿಲ್ಲ. ಅವರು ಬಿಡಲಿಲ್ಲ. ‘ಒ ತ್ರೊವಾತೊ’, ಸಿಕ್ಕಿದೆ ಅಂತ ಬರೀಬಹುದಿತ್ತಲ್ಲ, ಅದು ಪಸ್ಸಾತೊ ಪ್ರೋಸ್ಸಿಮೊನೇ ಅಂದರು. ಅದೂ ನಿಜವೇ. ಆದರೆ ಅಷ್ಟು ಹೊತ್ತಿಗೆ ಹದಿನೈದು ಆಗಿಬಿಟ್ಟಿತ್ತು. ಕೀ ಇಲ್ಲದೆ ಬಾಗಿಲು ಹೇಗೆ ತೆಗೆದೆ ಅಂತ ಮಾತ್ರ ಅವರಾಗಲಿ ಸಿನ್ಯೋರಾ ಆಗಲಿ ಕೇಳಲಿಲ್ಲ.

ಇಬ್ಬರೂ ಮೇಲಿನ ಮನೆಗೆ ಹೋದೆವು. ನಾನು ಬ್ಯಾಗಿನಿಂದ ಕೀ ಗೊಂಚಲು ತೆಗೆದು ಟೇಬಲ್ ಮೇಲಿಟ್ಟು, ಪತ್ರವನ್ನೂ ಪಕ್ಕದಲ್ಲಿಟ್ಟು, ‘ಕೋಂಪಿತೊ’ ಅಂದೆ. ಹೋಮ್‌ವರ್ಕ್. ಅದೃಷ್ಟಕ್ಕೆ ಇಟಾಲಿಯನ್‌ನಲ್ಲಿ ‘ಇಲ್ಲ’ ಅನ್ನುವುದು ಸುಲಭ. ಜೋಡಿಯ ಮುಂದೆ ಒಂದು ‘ನೊನ್’ ಹಾಕಿದರೆ ಆಯ್ತು. ಬೆರಳಿಟ್ಟು ಒಂದೊಂದೇ ಸಾಲು ವಾಪಸ್ ತೆಗೆದುಕೊಂಡೆ. ನೊನ್ ಸೋನೊ ಕದೂತಾ, ಬಿದ್ದಿಲ್ಲ. ನೊನ್ ಒ ಪೆರ್ಸೊ, ಕಳೆದುಕೊಂಡಿಲ್ಲ. ನೊನ್ ಒ ಪ್ಯಾಂತೊ, ಅತ್ತಿಲ್ಲ. ಸಿನ್ಯೋರಾ ಮುಖ ಹಂತಹಂತವಾಗಿ ಸಡಿಲವಾಗುತ್ತಾ ಬಂತು. ಅಮ್ಮಿನಿಸ್ತ್ರತೋರೆಗೆ ಅಲ್ಲೇ ಫೋನ್ ಮಾಡಿ, ಕೀ ರಿಪೇರಿಯವನು ಬರೋದು ಬೇಡ, ನಮ್ಮ ಇಂಡಿಯನ್ ಹುಡುಗಿ ವ್ಯಾಕರಣ ಕಲಿಯುತ್ತಿದ್ದಾಳೆ ಅಂದರು. ಆ ಕಡೆಯಿಂದ ಬಹಳ ಹೊತ್ತು ಯಾರೋ ಮಾತಾಡಿದರು.

ಫೋನ್ ಇಟ್ಟ ಮೇಲೆ ಅವರು ಮತ್ತೆ ಪತ್ರ ಎತ್ತಿಕೊಂಡರು.

“ಹಾಗಾದರೆ ಪಿಜ್ಜಾನೂ ಸುಳ್ಳಾ?”

ಪಿಜ್ಜಾ ನಿಜ ಅಂದೆ. ಎಲ್ಲಿ ಅಂತ ಕೇಳಿದರು. ಟ್ರ್ಯಾಮ್ ಸ್ಟಾಪಿನ ಮೂಲೆಯ ಅಂಗಡಿ ಅಂತ ಕೈ ತೋರಿಸಿದೆ. ಬಿದ್ದದ್ದಕ್ಕೆ, ಕೀಗೆ, ಅತ್ತದ್ದಕ್ಕೆಲ್ಲ ಇಷ್ಟು ದಿನ ಮರುಕಪಟ್ಟವರು ಈಗ ಸಿಟ್ಟಾಗಿಬಿಟ್ಟರು. ಆ ಅಂಗಡಿಯವನಿಗೆ ಹಿಟ್ಟು ಕಲಸಲಿಕ್ಕೇ ಬರೋದಿಲ್ಲ, ಪಿಜ್ಜಾ ಬೇಕಿದ್ದರೆ ನನ್ನನ್ನು ಕೇಳಬಾರದಿತ್ತಾ ಅಂತ ಕಾಲು ಗಂಟೆ ಬೈದರು. ಪೂರ್ತಿ ಪಸ್ಸಾತೊ ರೆಮೋತೊದಲ್ಲಿ.