ಟ್ರಾನ್ಸ್‌ಲೇಟ್ ಅಂದ್ರೆ ಟ್ರಾನ್ಸ್‌ಲೇಟ್, ಅಷ್ಟೇ ಸಾರ್

ಬಾಗೇಪಲ್ಲಿ ಬಸ್ಸು ಹತ್ತಿ "ಒಂದು ಟಿಕೆಟ್ ಕೊಡಿ" ಅಂದು ನೋಡಿ. ಕಂಡಕ್ಟರ್ "ಎಲ್ಲಿಗೆ?" ಅನ್ನುತ್ತಾನೆ. "ಟಿಕೆಟ್ ಅಂದ್ರೆ ಟಿಕೆಟ್ ರೀ, ಅರ್ಜೆಂಟಿದೆ, ಪ್ರಶ್ನೆ ಎಲ್ಲಾ ಬೇಡ" ಅಂದರೆ ಮುಂದಿನ ಸ್ಟಾಪಿನಲ್ಲಿ ಇಳಿಸುತ್ತಾನೆ. ಅನುವಾದ ಮಾಡುವವನಿಗೆ ಮಾತ್ರ ಯಾರನ್ನೂ ಇಳಿಸುವ ಅಧಿಕಾರ ಇಲ್ಲ.

ಚಿಕ್ಕಬಳ್ಳಾಪುರದಲ್ಲಿ ಕೂತು ಇಂಗ್ಲಿಷನ್ನು ಕನ್ನಡಕ್ಕೆ ತರುವುದು ನನ್ನ ಹೊಟ್ಟೆಪಾಡು. ಹೋದ ಬೇಸಿಗೆಯಲ್ಲಿ ಒಂದು ಕಚೇರಿಯಿಂದ ವಾಟ್ಸಾಪಿಗೆ ಫೋಟೋ ಬಂತು. ಯಾವ ಕಚೇರಿ ಅಂತ ಕೇಳಬೇಡಿ, ನನ್ನ ಬಿಲ್ ಇನ್ನೂ ಪಾಸಾಗಬೇಕು. ಫೋಟೋದ ಎಡಗಡೆ ಯಾರದೋ ಹೆಬ್ಬೆರಳು. ಮಿಕ್ಕ ಜಾಗದಲ್ಲಿ ಇಂಗ್ಲಿಷಿನ ನಾಲ್ಕು ಸಾಲು. ಒಂದು ಬೋರ್‌ವೆಲ್ಲಿನ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇದೆ, ಅದು "ಅನ್‌ಫಿಟ್ ಫಾರ್ ಪೋಟಬಲ್ ಪರ್ಪಸಸ್" ಎಂದು ಸಾರ್ವಜನಿಕರಿಗೆ ತಿಳಿಸುವ ವಿಷಯ. ಕೆಳಗೆ ಒಂದೇ ಒಂದು ಸಾಲು: "ಟ್ರಾನ್ಸ್‌ಲೇಟ್ ಮಾಡಿ ಕಳ್ಸಿ ಸಾರ್, ಅರ್ಧ ಗಂಟೇಲಿ."

ಫೋನ್ ಮಾಡಿ "ಯಾವ ಭಾಷೆಗೆ ಸಾರ್?" ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಕೇಸ್ ವರ್ಕರ್ ಹೇಳಿದರು: "ಮೇಲಿಂದ ಬಂದಿರೋದ್ರಲ್ಲಿ ಲೋಕಲ್ ಲಾಂಗ್ವೇಜ್ ಅಂತ ಇದೆ. ಲೋಕಲ್‌ಗೇ ಮಾಡಿ."

ಬೋರ್‌ವೆಲ್ ಇರುವುದು ಬಾಗೇಪಲ್ಲಿ ತಾಲ್ಲೂಕಿನ ಆಂಧ್ರದ ಗಡಿ ಅಂಚಿನ ಹಳ್ಳಿಯಲ್ಲಿ. ಅಲ್ಲಿ ಮನೆ ಮಾತು ತೆಲುಗು. ಮಕ್ಕಳು ಓದುವುದು ಕನ್ನಡ ಶಾಲೆಯಲ್ಲಿ. ಹಾಗಾಗಿ ತೆಲುಗು ಮಾತಾಡುವ ಮನೆಗಳಲ್ಲೇ ತೆಲುಗು ಅಕ್ಷರ ಓದಲು ಬಾರದವರು ಬೇಕಾದಷ್ಟಿದ್ದಾರೆ. ಅವರಿಗೆ ಬರುವುದು ಕನ್ನಡ ಅಕ್ಷರ. ಅಜ್ಜಿಯರಿಗೆ ಎರಡೂ ಬಾರದು. ಅಂದರೆ ಬರೆಯುವುದಾದರೆ ಕನ್ನಡ, ಕೂಗಿ ಹೇಳುವುದಾದರೆ ತೆಲುಗು. ಬೋರ್ಡಿಗೋ ಆಟೋ ಮೈಕಿಗೋ ಎಂದು ಗೊತ್ತಾಗದೆ ಭಾಷೆಯೇ ತೀರ್ಮಾನ ಆಗುವುದಿಲ್ಲ. ಇಷ್ಟನ್ನು ವಿವರಿಸಿದೆ. "ಎರಡಕ್ಕೂ ಇರಲಿ ಸಾರ್. ಟ್ರಾನ್ಸ್‌ಲೇಟ್ ಅಂದ್ರೆ ಟ್ರಾನ್ಸ್‌ಲೇಟ್, ಅಷ್ಟೇ. ನೀವು ತುಂಬಾ ಕಾಂಪ್ಲಿಕೇಟ್ ಮಾಡ್ತೀರಿ."

"ಓದೋರು ಯಾರು ಸಾರ್?"

"ಪಬ್ಲಿಕ್ಕು."

"ನೀರು ಹಿಡಿಯೋ ಹೆಂಗಸರಾ, ಶಾಲೆ ಮಕ್ಕಳಾ?"

"ಅದೆಲ್ಲ ಗೊತ್ತಿಲ್ಲ. ಬೋರ್ಡ್ ಹಾಕಿ, ಫೋಟೋ ತೆಗೆದು, ಮೇಲಕ್ಕೆ ಕಳಿಸಬೇಕು."

ಅಲ್ಲಿಗೆ ಓದುಗರು ಸಿಕ್ಕರು! ಬೋರ್‌ವೆಲ್ಲಿನಿಂದ ಬಹುದೂರ ಕ್ಯಾನ್ ನೀರು ಕುಡಿಯುತ್ತಾ ಫೋಟೋ ನೋಡುವವರು. ಪ್ರಾಮಾಣಿಕವಾದ ಉತ್ತರ, ಮೆಚ್ಚಬೇಕು. ಅಂಥವರಿಗೆ ಬೇಕಾದ ಅನುವಾದವೇ ಬೇರೆ: "ಪೇಯ ಉದ್ದೇಶಗಳಿಗೆ ಯೋಗ್ಯವಲ್ಲವೆಂದು ಈ ಮೂಲಕ ತಿಳಿಯಪಡಿಸಲಾಗಿದೆ." ಇದು ಐದೇ ನಿಮಿಷದ ಕೆಲಸ. ಓದಿದವರಿಗೆ ಇದು ಕನ್ನಡ ಅನ್ನುವುದು ಮಾತ್ರ ಗ್ಯಾರಂಟಿ.

ಕೊಡ ಹಿಡಿದು ಬರುವವರಿಗೆ ಬರೆಯಲು ಹೊರಟಾಗ ನಿಜವಾದ ಸಿಕ್ಕು ಬಂತು. "ಪೋಟಬಲ್" ಅನ್ನು "ಕುಡಿಯುವ" ಎಂದು ಮಾಡಿದರೆ, "ಕುಡಿಯಲ್ಲ ಬಿಡಿ, ಅನ್ನಕ್ಕೆ ಇಡ್ತೀವಿ" ಅನ್ನುತ್ತಾರೆ. ತಪ್ಪೇನಿಲ್ಲ, ಬೋರ್ಡಿನಲ್ಲಿ ಇರುವುದೇ ಅಷ್ಟು. ಆದರೆ ಸಾರಿಗೆ ಹಾಕಿದ ನೀರಿನ ಫ್ಲೋರೈಡೂ ಹೊಟ್ಟೆಗೇ ಹೋಗುತ್ತದೆ ಅಲ್ವಾ? ಇನ್ನು ಕೆಲವರು "ಕಾಯಿಸಿ ಆರಿಸಿದರೆ ಸರಿ" ಅನ್ನುತ್ತಾರೆ. ಕಾಯಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಉಳಿದದ್ದರಲ್ಲಿ ಅದು ಇನ್ನೂ ದಟ್ಟವಾಗುತ್ತದೆ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂವರೆಗೆ ಫ್ಲೋರೈಡ್ ಇರಬಹುದು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಬಿಡುತ್ತಾರೆ. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಮಕ್ಕಳ ಹಲ್ಲಿನ ಮೇಲೆ ಕಲೆ. ಪ್ರಮಾಣ ಇನ್ನೂ ಹೆಚ್ಚಿದ್ದರೆ ಆಮೇಲೆ ಮೂಳೆ, ಕೀಲು. ಅದೇ ನೀರಲ್ಲಿ ಸ್ನಾನ ಮಾಡಬಹುದು, ಬಟ್ಟೆ ಒಗೆಯಬಹುದು. ಇದನ್ನೂ ಬರೆಯದಿದ್ದರೆ ಜನ ಹೆದರಿ ಬೋರ್‌ವೆಲ್ಲನ್ನೇ ಮುಟ್ಟುವುದಿಲ್ಲ, ಇಲ್ಲವೇ ನಕ್ಕು ಬೋರ್ಡನ್ನು ನಂಬುವುದಿಲ್ಲ.

ಇಂಗ್ಲಿಷಿನಲ್ಲಿ ಅಡುಗೆಯ ಮಾತಿಲ್ಲ, ಕಾಯಿಸುವ ಮಾತಿಲ್ಲ. ಅನುವಾದ ಮಾಡುವವನು ತಾನಾಗಿ ಸೇರಿಸುವ ಹಾಗೂ ಇಲ್ಲ. ಒಪ್ಪಿಗೆ ಕೊಡುವವರು ಯಾರೆಂದು ಕೇಳಬೇಕು. ಕೇಳಿದೆ. "ಇರೋದನ್ನ ಮಾಡಿ ಸಾರ್, ಇಲ್ಲದ್ದನ್ನ ಯಾಕೆ ಮಾಡ್ತೀರಿ?" ನಾಲ್ಕನೇ ಸಲ ಕೇಳಿದಾಗ ನೀರು ಪರೀಕ್ಷೆ ಮಾಡುವವರ ನಂಬರ್ ಸಿಕ್ಕಿತು. ಅವರು ಎರಡೇ ನಿಮಿಷದಲ್ಲಿ ಹೇಳಿದರು: "ಅಡುಗೆಗೂ ಬೇಡ ಅಂತ ಹಾಕಿ, ಕಾಯಿಸಿದ್ರೂ ಪ್ರಯೋಜನ ಇಲ್ಲ ಅಂತ್ಲೂ ಹಾಕಿ. ಇದನ್ನ ಇಷ್ಟು ದಿನ ಯಾರೂ ಕೇಳೇ ಇಲ್ಲ." ಅದನ್ನೇ ಮೆಸೇಜಿನಲ್ಲಿ ಬರೆಸಿಕೊಂಡೆ. ನಾಳೆ ಯಾರಾದರೂ "ಇದು ಎಲ್ಲಿಂದ ಬಂತು?" ಅಂದರೆ ತೋರಿಸಲು ಬೇಕಲ್ಲ.

ಆಮೇಲೆ ದನಿಯ ವಿಚಾರ. ಕಚೇರಿಯ ಅಪ್ಪಣೆ ಹೀಗಿತ್ತು: "ಗೌರವ ಇರಲಿ, ಆದ್ರೆ ಸ್ವಲ್ಪ ಹೆದರಿಕೆನೂ ಇರಲಿ." ಕನ್ನಡದಲ್ಲಿ ಒಂದೇ ನೀರನ್ನು ಬಗೆಬಗೆಯಾಗಿ ಬೇಡ ಅನ್ನಬಹುದು. "ಕುಡಿಯತಕ್ಕದ್ದಲ್ಲ" ಅಂದರೆ ಗೆಜೆಟ್. "ಕುಡಿಯಬಾರದು" ಅಂದರೆ ಮೇಷ್ಟ್ರು, ಕೈಯಲ್ಲಿ ಬೆತ್ತ. "ದಯವಿಟ್ಟು ಕುಡಿಯಬೇಡಿ" ಅಂದರೆ ಪಾರ್ಕಿನಲ್ಲಿ ಹೂ ಕೀಳಬೇಡಿ ಅಂದ ಹಾಗೆ, ಕಿತ್ತರೂ ನಡೆಯುತ್ತೆ ಅನ್ನುವ ಭಾವ. "ಕುಡಿಯಬೇಡಿ" ಎಂದಷ್ಟೇ ಬರೆದರೆ ಮನೆಯವರು ಹೇಳಿದ ಹಾಗಿರುತ್ತದೆ. ನಾನು ಕಳಿಸಿದ್ದು ಇದು:

"ಈ ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇದೆ. ಕುಡಿಯಬೇಡಿ. ಅಡುಗೆಗೂ ಬಳಸಬೇಡಿ. ಕಾಯಿಸಿದರೂ ಫ್ಲೋರೈಡ್ ಹೋಗುವುದಿಲ್ಲ. ಸ್ನಾನಕ್ಕೆ, ಬಟ್ಟೆಗೆ ಬಳಸಬಹುದು."

ಜೊತೆಗೆ ಮೈಕಿನವನು ಓದಲೆಂದು ತೆಲುಗು ಮಾತನ್ನು ಕನ್ನಡ ಅಕ್ಷರದಲ್ಲಿ ಬೇರೆ ಹಾಳೆ ಮಾಡಿ ಕೊಟ್ಟೆ: "ಅಮ್ಮಾ, ಈ ಬೋರು ನೀಳ್ಳು ತಾಗೊದ್ದು, ವಂಟಕೂ ವಾಡೊದ್ದು, ಕಾಚಿನಾ ಪೋದು..." ಯಾವುದು ಎಲ್ಲಿಗೆ ಎಂದು ಎರಡರ ತಲೆಯ ಮೇಲೂ ಬರೆದಿದ್ದೆ. ಪೇಂಟರಿಗೂ ಒಂದು ಮಾತು ಸೇರಿಸಿದ್ದೆ: ಸಾಲುಗಳ ನಡುವೆ ಜಾಗ ಬಿಡಪ್ಪಾ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ.

ಕಚೇರಿಯವರು ತಲೆಬರಹ ಓದುವುದಿಲ್ಲ. ಹಾಳೆ ಅದಲು ಬದಲಾದವು.

ಬೋರ್ಡಿನ ಮೇಲೆ ನೀಲಿ ಬಣ್ಣದಲ್ಲಿ "ಅಮ್ಮಾ, ಈ ಬೋರು ನೀಳ್ಳು ತಾಗೊದ್ದು" ಎಂದು ಬಂತು. ಆಟೋ ಮೈಕಿನಲ್ಲಿ "ಕಾಯಿಸಿದರೂ ಫ್ಲೋರೈಡ್ ಹೋಗುವುದಿಲ್ಲ" ಎಂದು ಶುದ್ಧ ಕನ್ನಡ ಹಳ್ಳಿ ಸುತ್ತಿತು. ಅಜ್ಜಿಯರು ಯಾವುದೋ ಎಲೆಕ್ಷನ್ ಬಂತು ಅಂದುಕೊಂಡರಂತೆ. ಶಾಲೆ ಹುಡುಗರು ಮಾತ್ರ ಬೋರ್ಡನ್ನು ಗಟ್ಟಿಯಾಗಿ ಓದಿ ನಕ್ಕು, ಮನೆಗೆ ಹೋಗಿ ಅದೇ ಮಾತನ್ನು ಅಜ್ಜಿಯರಿಗೆ ಹೇಳಿದರು. ಅದು ಹೇಗೋ ಕೆಲಸ ಮಾಡಿತು.

ಫೋಟೋ ಮೇಲಕ್ಕೆ ಹೋಯಿತು. ಅಲ್ಲಿ ಯಾರಿಗೋ ಅರ್ಥವಾಗಲಿಲ್ಲ. ಹೋದ ವಾರ ಅದೇ ಬೋರ್ಡಿನ ಫೋಟೋ ನನ್ನ ವಾಟ್ಸಾಪಿಗೆ ವಾಪಸ್ ಬಂತು, ಅದೇ ಹೆಬ್ಬೆರಳಿನ ಜೊತೆ. ಕೆಳಗೆ: "ಸಾರ್, ಇದನ್ನ ಟ್ರಾನ್ಸ್‌ಲೇಟ್ ಮಾಡಿ ಕಳ್ಸಿ, ಅರ್ಜೆಂಟು."

"ಯಾವ ಭಾಷೆಗೆ ಸಾರ್?" ಎಂದು ಕೇಳಿದ್ದೇನೆ. ಎರಡು ನೀಲಿ ಗೆರೆ ಬಿದ್ದಿದೆ, ಉತ್ತರ ಬಂದಿಲ್ಲ.